ಒಂದೇ ಉತ್ತರ, ಮೂರು ಅಳತೆ

ಎಲ್ಲರಿಗೂ ನಮಸ್ಕಾರ. ‘ರಾಜ್ಯಗಳ ಪುನರ್ವಿಂಗಡಣೆ’ಯ ಎರಡು ಪುಟದ ಮಾದರಿ ಉತ್ತರವನ್ನು ಭಾನುವಾರದೊಳಗೆ 2, 5, 10 ಅಂಕಗಳಿಗೆ ಬೇರೆ ಬೇರೆಯಾಗಿ ಬರೆದು ಗುಂಪಿಗೆ ಹಾಕಿ.

ಕಳೆದ ಸಲ ಹೆಚ್ಚಿನವರು ಮೊದಲ ನಾಲ್ಕು ಸಾಲು ಕತ್ತರಿಸಿ ಅದನ್ನೇ 2 ಅಂಕದ ಉತ್ತರ ಮಾಡಿದ್ದರು. ಅದರಲ್ಲಿ ಬರೀ ಪೀಠಿಕೆ ಇತ್ತು, ಕೇಳಿದ್ದಕ್ಕೆ ಉತ್ತರವೇ ಇರಲಿಲ್ಲ. ಹಾಗಾಗಿ ಚಿಕ್ಕದರಿಂದ ಶುರು ಮಾಡಿ.

‘ಫಜಲ್ ಅಲಿ ಆಯೋಗ ಎಂದರೇನು?’ ಎಂಬ 2 ಅಂಕದ ಪ್ರಶ್ನೆಗೆ ಎರಡೇ ವಾಕ್ಯ ಸಾಕು: ರಾಜ್ಯಗಳ ಗಡಿ ಪರಿಶೀಲಿಸಲು 1953ರಲ್ಲಿ ನೇಮಿಸಿದ ಆಯೋಗ. ಕುಂಜ್ರು, ಪಣಿಕ್ಕರ್ ಇದರ ಇತರ ಸದಸ್ಯರು.

5 ಅಂಕಕ್ಕೆ ‘ಯಾಕೆ’ ಮತ್ತು ‘ಏನಾಯಿತು’ ಸೇರಿಸಿ. 1952ರಲ್ಲಿ ಪೊಟ್ಟಿ ಶ್ರೀರಾಮುಲು ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಮಾಡಿ ತೀರಿಕೊಂಡರು, ಮರುವರ್ಷ ಆಂಧ್ರ ರಾಜ್ಯವಾಯಿತು, ಬೇರೆ ಕಡೆಯೂ ಬೇಡಿಕೆ ಜೋರಾಯಿತು. 1955ರಲ್ಲಿ ವರದಿ ಬಂತು. 1956ರ ನವೆಂಬರ್ 1ಕ್ಕೆ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶಗಳಾದವು.

10 ಅಂಕದಲ್ಲಿ ಇದೇ ವಾಕ್ಯಗಳನ್ನು ಎಳೆದು ಉದ್ದ ಮಾಡಬೇಡಿ, ಹೊಸ ವಿಷಯ ಬೇಕು. ಹಿಂದೆ ಧರ್ ಆಯೋಗ ಭಾಷಾವಾರು ರಾಜ್ಯ ಬೇಡ ಎಂದಿದ್ದು, ಕೊನೆಗೆ ಒಂದು ಉದಾಹರಣೆ. ಅದಕ್ಕೆ ನಮ್ಮೂರೇ ಇದೆ ಅಲ್ವಾ! ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ಅದೇ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗ ಮೈಸೂರು ರಾಜ್ಯವಾಗಿದ್ದ ಕರ್ನಾಟಕಕ್ಕೆ ಸೇರಲಿ ಎಂದಿತು, ಆದರೆ ಅದು ಜಾರಿಯಾಗಲಿಲ್ಲ.

ಬರೆದ ಮೇಲೆ ಪ್ರತಿ ವಾಕ್ಯವನ್ನು ಒಮ್ಮೆ ಬೆರಳಿನಿಂದ ಮುಚ್ಚಿ ಓದಿ. ಉತ್ತರಕ್ಕೆ ಏನೂ ಕಡಿಮೆ ಆಗದಿದ್ದರೆ ಆ ವಾಕ್ಯ ತೆಗೆಯಿರಿ. ಫೋಟೋ ಹಾಕುವಾಗ ಮೂರನ್ನೂ ಒಂದೇ ಹಾಳೆಯಲ್ಲಿ ಹಾಕಿ, ಹೋಲಿಸಿ ನೋಡಲು ಸುಲಭ.