ನಿನ್ನೆ ರಾತ್ರಿ ಲಿಫ್ಟ್ ನಿಂತಿದ್ದರ ಬಗ್ಗೆ ಸೆಕ್ಯೂರಿಟಿ ಕಡೆಯಿಂದ

ಎಲ್ರಿಗೂ ನಮಸ್ಕಾರ ಸರ್, ಮೇಡಂ. ನಿನ್ನೆ ರಾತ್ರಿ 8.40ಕ್ಕೆ ಕರೆಂಟ್ ಹೋದಾಗ ಲಿಫ್ಟು 3 ಮತ್ತೆ 4ನೇ ಫ್ಲೋರ್ ಮಧ್ಯೆ ನಿಂತುಬಿಡ್ತು. ಒಳಗೆ ಒಬ್ರು ಅಜ್ಜಿ, ಅವ್ರ ಮೊಮ್ಮಗ, ಇನ್ನೊಬ್ರು ಸರ್ ಇದ್ರು. ಬೆಲ್ ಕೇಳಿ ಓಡಿಹೋದೆ, ಟೆಕ್ನಿಷಿಯನ್‌ಗೆ ಫೋನ್ ಮಾಡ್ದೆ, ಅವ್ರು ಬರೋಕೆ 35 ನಿಮಿಷ ಆಯ್ತು.

ಅಷ್ಟರಲ್ಲಿ ಕೆಲವ್ರು ಬಾಗ್ಲು ಮೀಟಿ ತೆಗಿ ಅಂತ ನನ್ಮೇಲೆ ರೇಗಿದ್ರು, ಆದ್ರೂ ನಾನು ಬಿಡ್ಲಿಲ್ಲ, ಯಾಕಂದ್ರೆ ಲಿಫ್ಟು 3ನೇ ಫ್ಲೋರಿಂದ ಅರ್ಧ ಆಳು ಮೇಲಿತ್ತು, ಅದರ ಕೆಳಗೆಲ್ಲ ಖಾಲಿ, ಇಳಿಯೋವಾಗ ಕಾಲು ಜಾರಿದ್ರೆ ಸೀದಾ ಗುಂಡಿಗೆ ಬೀಳ್ತಾರೆ. ಗಾಳಿ ಬರೋಕೆ ಕಿಂಡಿ ಇದೆ ಅಜ್ಜಿ, ಉಸಿರು ಕಟ್ಟಲ್ಲ, ಬಾಗಿಲಿಗೆ ಒರಗಬೇಡಿ ಅಂತ ಹೊರಗಿಂದ ಹೇಳ್ತಾನೇ ಇದ್ದೆ, ಪಾಪ ತುಂಬಾ ಹೆದರಿದ್ರು.

ಟೆಕ್ನಿಷಿಯನ್ ಮೇಲಿನ ಮೆಷಿನ್ ರೂಮಿಗೆ ಹೋಗಿ ಮೊದ್ಲು ಮೇನ್ ಸ್ವಿಚ್ ಆಫ್ ಮಾಡಿದ್ರು, ಆಮೇಲೆ ಬ್ರೇಕ್ ಸ್ವಲ್ಪ ಸ್ವಲ್ಪ ಬಿಡ್ತಾ ಕೈಯಲ್ಲೇ ಚಕ್ರ ತಿರುಗಿಸಿ ಲಿಫ್ಟನ್ನ 4ನೇ ಫ್ಲೋರ್ ಮಟ್ಟಕ್ಕೆ ತಂದು ಕೀ ಹಾಕಿ ಬಾಗ್ಲು ತೆಗೆದ್ರು. ಮೂರೂ ಜನ ಆರಾಮಾಗಿದ್ದಾರೆ.

ಕಾರಣ ಬ್ಯಾಟರಿ. ಕರೆಂಟ್ ಹೋದ್ರೆ ಎಆರ್‌ಡಿ ಅನ್ನೋ ಡಬ್ಬ ಬ್ಯಾಟರಿ ಮೇಲೆ ಲಿಫ್ಟನ್ನ ಹತ್ತಿರದ ಫ್ಲೋರಿಗೆ ತಂದು ಬಾಗ್ಲು ತೆಗೀಬೇಕು, ಆ ಬ್ಯಾಟರಿ ಪೂರ್ತಿ ಸತ್ತಿತ್ತು. ಕರೆಂಟ್ ಇರೋವಾಗ ಲಿಫ್ಟು ಚೆನ್ನಾಗೇ ಓಡತ್ತೆ, ಹಾಗಾಗಿ ಗೊತ್ತೇ ಆಗಲ್ಲ. ಟೆಕ್ನಿಷಿಯನ್ ಬಂದಾಗೆಲ್ಲ ಖಾಲಿ ಲಿಫ್ಟಲ್ಲಿ ಕರೆಂಟ್ ತೆಗೆದು ಟೆಸ್ಟ್ ಮಾಡಿಸಿ ಅಂತ ಕಮಿಟಿಯವ್ರನ್ನ ಕೇಳ್ಕೊಳ್ತೀನಿ. ಹೊಸ ಬ್ಯಾಟರಿ ಹಾಕೋವರೆಗೂ ಲಿಫ್ಟ್ ಬಂದ್ ಮಾಡಿದೀನಿ, ವಯಸ್ಸಾದವ್ರಿಗೆ ಸಾಮಾನು ಹೊರೋಕೆ ಕಷ್ಟ ಆದ್ರೆ ಗೇಟಿಗೆ ಫೋನ್ ಮಾಡಿ, ಬರ್ತೀನಿ.