ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಡಿಜಿಲಾಕರ್‌ನಲ್ಲಿರುವ ಮಾರ್ಕ್ಸ್ ಕಾರ್ಡನ್ನು ಒಪ್ಪಿಕೊಳ್ಳಿ

ಮಾನ್ಯ ಜಿಲ್ಲಾಧಿಕಾರಿಗಳೇ,

ತಮ್ಮದೇ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ 14 ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರ್‌ನಿಂದ ಆರ್‌ಸಿ, ಡಿಎಲ್, ಮಾರ್ಕ್ಸ್ ಕಾರ್ಡ್ ತೆಗೆದು ಪ್ರಿಂಟ್ ಹಾಕಿಕೊಡಿ ಎಂದು ದಿನಕ್ಕೆ ನಾಲ್ಕಾರು ಜನ ಬರುತ್ತಾರೆ. ಕಲರ್ ಪ್ರಿಂಟಿಗೆ 10 ರೂಪಾಯಿ ತೆಗೆದುಕೊಳ್ಳುತ್ತೇನೆ. ಆ ಪ್ರಿಂಟು ಬೇಕಾಗಿಯೇ ಇಲ್ಲ ಎಂದು ನನಗೆ ಗೊತ್ತು. ಬಂದವರಿಗೂ ಹೇಳುತ್ತೇನೆ. "ಇಲ್ಲ ಅಣ್ಣ, ಆಫೀಸಿನವರು ಮೊಬೈಲ್ ನೋಡೋದಿಲ್ಲ, ಕಾಗದಾನೇ ಬೇಕಂತೆ" ಅನ್ನುತ್ತಾರೆ. ಇಷ್ಟು ವರ್ಷ ಸುಮ್ಮನೆ ಪ್ರಿಂಟ್ ಹಾಕಿಕೊಟ್ಟೆ. ಈಗ ನನ್ನ ಮಗಳ ವಿಷಯದಲ್ಲೇ ಹೀಗಾದ ಮೇಲೆ ಸುಮ್ಮನಿರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಡಿಜಿಲಾಕರ್‌ನ Issued Documents ವಿಭಾಗದಲ್ಲಿರುವ ದಾಖಲೆಯನ್ನು ಒರಿಜಿನಲ್ ಎಂದೇ ಒಪ್ಪಬೇಕು, ಅದರ ಪ್ರಿಂಟಿಗೆ ಅಟೆಸ್ಟೇಶನ್ ಕೇಳಬಾರದು ಎಂದು ಜಿಲ್ಲೆಯ ಎಲ್ಲ ಕಚೇರಿಗಳಿಗೆ ತಾವು ಒಂದು ಸುತ್ತೋಲೆ ಹೊರಡಿಸಬೇಕು. ನನಗೆ ಬೇಕಾದದ್ದು ಅಷ್ಟೇ.

ನಿಯಮ ತಮಗೆ ಹೊಸದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2016ರಲ್ಲಿ ಡಿಜಿಟಲ್ ಲಾಕರ್ ನಿಯಮಗಳು ಬಂದವು. 2017ರ ಫೆಬ್ರವರಿಯಲ್ಲಿ ಅವಕ್ಕೆ 9ಎ ಎಂಬ ನಿಯಮ ಸೇರಿತು. ದಾಖಲೆ ಕೊಡುವ ಸಂಸ್ಥೆಯೇ ಲಾಕರ್‌ಗೆ ಹಾಕಿದ ದಾಖಲೆ ಕಾಗದದ ಮೂಲ ಪ್ರತಿಗೆ ಸಮ ಎಂದು ಅದು ಹೇಳುತ್ತದೆ. ರಸ್ತೆಯಲ್ಲಿ ಡಿಎಲ್ಲನ್ನು ಮೊಬೈಲ್‌ನಲ್ಲಿ ತೋರಿಸಿದರೆ ಒಪ್ಪಬೇಕು ಎಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ಬರೆದಿದೆ. ರೈಲಿನಲ್ಲಿ ಟಿಟಿಇ ಸಾಹೇಬರು ಒಪ್ಪುತ್ತಾರೆ, ಹೆದ್ದಾರಿಯಲ್ಲಿ ಪೊಲೀಸರು ಒಪ್ಪುತ್ತಾರೆ. ನಮ್ಮ ಜಿಲ್ಲೆಯ ಕಚೇರಿಯ ಮೇಜಿನ ಮುಂದೆ ಮಾತ್ರ ಅದು ನಡೆಯುವುದಿಲ್ಲ.

ಆದದ್ದು ಇಷ್ಟು. ಕಳೆದ ಮಳೆಗಾಲದಲ್ಲಿ ಮನೆಯ ಹೆಂಚು ಸರಿದು ಟ್ರಂಕಿನ ಮೇಲೆ ನೀರು ಸೋರಿತು. ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಒದ್ದೆಯಾಗಿ, ಶಾಯಿ ಕದಡಿ, ಅಂಕಗಳು ಓದಲಾಗದಂತಾದವು. ನಕಲು ಪ್ರತಿಗೆ ಶಾಲೆಯ ಮೂಲಕ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ. ಆದರೆ ನಮಗೆ ಗಾಬರಿ ಇರಲಿಲ್ಲ. ಬೋರ್ಡಿನ ಹೆಸರು ಹುಡುಕಿ, ಪಾಸಾದ ವರ್ಷ ಮತ್ತು ರಿಜಿಸ್ಟರ್ ನಂಬರ್ ಕೊಟ್ಟು ಆ ಕಾರ್ಡನ್ನು ಅವಳ ಡಿಜಿಲಾಕರ್‌ಗೆ ತರಿಸಿಕೊಟ್ಟವನು ನಾನೇ.

ಅವಳು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಿದ್ದಾಳೆ. ಒಂದು ಗುತ್ತಿಗೆ ಹುದ್ದೆಗೆ ಅವಳ ಹೆಸರು ಪಟ್ಟಿಯಲ್ಲಿ ಬಂದು, ದಾಖಲಾತಿ ಪರಿಶೀಲನೆಗೆ ಕರೆದರು. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬ ಗುಮಾಸ್ತರಿಗೆ ನೋಟಿಸ್ ಕೊಡಿಸುವುದು ನನ್ನ ಉದ್ದೇಶವಲ್ಲ. ಊರಿಂದ ಬಸ್ಸಿನಲ್ಲಿ ಎರಡು ಗಂಟೆ. ಅವಳು ಮೊಬೈಲ್ ತೆಗೆದು ತೋರಿಸಿದಳು. "ಮೊಬೈಲೆಲ್ಲಾ ಬೇಡಮ್ಮ, ಅದರಲ್ಲಿ ಯಾರು ಏನು ಬೇಕಾದ್ರೂ ಮಾಡ್ಕೊಂಡು ಬರ್ತಾರೆ, ಕಾಗದ ತಗೊಂಡು ಬಾ" ಎಂದರು ಗುಮಾಸ್ತರು. ಮಗಳು ಮನೆಗೆ ಬಂದಳು. ಮಾರನೆಯ ದಿನ ನಾನೇ ಒಳ್ಳೆಯ ಹಾಳೆಯ ಮೇಲೆ ಪ್ರಿಂಟ್ ಹಾಕಿ ಜೊತೆಗೆ ಹೋದೆ.

ಅವರು ಹಾಳೆ ತಿರುವಿ ನೋಡಿದರು. ಕೆಳಗೆ ಸಹಿಯ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ Signature Not Verified ಎಂದಿತ್ತು. ಅದರ ಮೇಲೆ ಬೆರಳಿಟ್ಟು, "ಇದೇ ಹೇಳ್ತಿದೆಯಲ್ರೀ ಸಹಿ ಸರಿಯಿಲ್ಲ ಅಂತ. ನಕಲಿ ಮಾರ್ಕ್ಸ್ ಕಾರ್ಡ್ ತಂದ್ರೆ ಪೊಲೀಸ್ ಕೇಸಾಗುತ್ತೆ, ಗೊತ್ತಾ?" ಎಂದು ಗಟ್ಟಿಯಾಗಿಯೇ ಕೇಳಿದರು. ಹಿಂದೆ ಸಾಲಿನಲ್ಲಿ ಮೂವತ್ತು ಜನ ನಿಂತಿದ್ದರು. ಮಗಳು ತಲೆ ತಗ್ಗಿಸಿ ಹೊರಗೆ ಬಂದುಬಿಟ್ಟಳು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಎರಡನೆಯವಳಾಗಿ ಬಂದ ಹುಡುಗಿ, ಸಾಹೇಬರೇ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆ ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆ ತಮಗೆ ಎರಡು ಮಾತು ಹೇಳಲೇಬೇಕು. ಎಷ್ಟೋ ಮಕ್ಕಳು ಇದೊಂದು ಗುರುತಿನಿಂದಲೇ ಮನೆಗೆ ವಾಪಸ್ಸಾಗುತ್ತಿದ್ದಾರೆ.

ಆ ಪಿಡಿಎಫ್ ಫೈಲಿನೊಳಗೆ ಡಿಜಿಟಲ್ ಸಹಿ ಇರುತ್ತದೆ. ಅದು ಶಾಯಿಯ ಸಹಿಯ ಚಿತ್ರವಲ್ಲ, ಫೈಲಿನ ಒಂದೊಂದು ಅಕ್ಷರಕ್ಕೂ ಲೆಕ್ಕ ಕಟ್ಟಿ ಹಾಕಿದ ಮೊಹರು. ಸಹಿ ಹಾಕಿದವರು ನಿಜವಾಗಿ ಅವರೇ ಎಂದು ಹೇಳುವ ಪ್ರಮಾಣಪತ್ರಗಳ ಸರಪಳಿ ನಮ್ಮ ದೇಶದಲ್ಲಿ ಸಿಸಿಎ ಎಂಬ ಸರ್ಕಾರಿ ಪ್ರಾಧಿಕಾರದ ಮೂಲ ಪ್ರಮಾಣಪತ್ರದವರೆಗೆ ಹೋಗುತ್ತದೆ. ನನ್ನ ಅಂಗಡಿಯ ಕಂಪ್ಯೂಟರಿನ ಪಿಡಿಎಫ್ ತಂತ್ರಾಂಶಕ್ಕೆ ಆ ಮೂಲ ಪ್ರಮಾಣಪತ್ರದ ಪರಿಚಯ ಇರಲಿಲ್ಲ. ಅದಕ್ಕೇ ಅದು "ಈ ಸಹಿ ಯಾರದೆಂದು ನನಗೆ ಗೊತ್ತಿಲ್ಲ" ಎಂದಿತು. ಸಹಿ ಸುಳ್ಳು ಎಂದು ಅದು ಹೇಳಲೇ ಇಲ್ಲ. ಹೊಸದಾಗಿ ಬಂದ ಪೇದೆಗೆ ತಮ್ಮ ಮುಖ ಗೊತ್ತಿಲ್ಲದಿದ್ದರೆ ತಾವು ಜಿಲ್ಲಾಧಿಕಾರಿ ಅಲ್ಲ ಎಂದಾಗುತ್ತದೆಯೇ?

ಫೈಲನ್ನು ತಿದ್ದಿದ್ದರೆ ಬರುವ ಗುರುತೇ ಬೇರೆ. ಅದನ್ನು ನೋಡಲೆಂದೇ ನನ್ನ ಡಿಎಲ್‌ನ ಒಂದು ಪ್ರತಿಯಲ್ಲಿ ಒಂದೇ ಒಂದು ಅಕ್ಷರ ಬದಲಾಯಿಸಿ ತೆರೆದೆ, ಆಮೇಲೆ ಅಳಿಸಿಹಾಕಿದೆ. ಸಹಿ ಕೆಟ್ಟಿದೆ ಎಂದು ಕೆಂಪು ಗುರುತು ಬಂತು. ಪ್ರಶ್ನಾರ್ಥಕ ಬಂದರೆ ಕಂಪ್ಯೂಟರಿಗೆ ಪರಿಚಯ ಇಲ್ಲ ಎಂದು ಅರ್ಥ, ಕೆಂಪು ಗುರುತು ಬಂದರೆ ಅನುಮಾನಿಸಬೇಕು. ಇಷ್ಟನ್ನು ಮೇಜಿನ ಹಿಂದೆ ಕೂತವರಿಗೆ ಹೇಳಿಕೊಟ್ಟಿದ್ದರೆ ಮಗಳ ಮೇಲೆ ಆ ಮಾತು ಬರುತ್ತಿರಲಿಲ್ಲ.

ಸರಿಪಡಿಸಲು ಹೆಚ್ಚು ಹೊತ್ತೂ ಬೇಡ. ಅಡೋಬಿ ರೀಡರ್‌ನಲ್ಲಿ ಆ ಸಹಿಯ ಮೇಲೆ ಒತ್ತಿ Signature Properties, ಅಲ್ಲಿಂದ Show Signer's Certificate, ಆಮೇಲೆ Trust ಎಂಬಲ್ಲಿ Add to Trusted Certificates ಒತ್ತಿ, ಕೊನೆಗೆ Validate Signature ಎಂದರೆ ಪ್ರಶ್ನಾರ್ಥಕ ಹೋಗಿ ಹಸಿರು ಗುರುತು ಬರುತ್ತದೆ. ಆದರೆ ಒಬ್ಬೊಬ್ಬ ನೌಕರರೂ ಕಂಡ ಕಂಡ ಸಹಿಗೆಲ್ಲ ಹೀಗೆ ನಂಬಿಕೆ ಕೊಡುವುದು ಸರಿಯಲ್ಲ. ಕಳ್ಳನೊಬ್ಬ ತಾನೇ ಸಹಿ ಮಾಡಿ ತಂದ ಫೈಲಿಗೂ ಹೀಗೆ ಹಸಿರು ಬರಿಸಬಹುದು. ಸಿಸಿಎಯ ಜಾಲತಾಣದಿಂದಲೇ ಮೂಲ ಪ್ರಮಾಣಪತ್ರ ಇಳಿಸಿ, ದಾಖಲೆ ಪರಿಶೀಲಿಸುವ ಪ್ರತಿ ಕಂಪ್ಯೂಟರಿಗೂ ಒಮ್ಮೆ ಹಾಕಿಬಿಟ್ಟರೆ ಈ ತೊಂದರೆ ಇರುವುದಿಲ್ಲ. ಈ ಕೆಲಸ ಬಲ್ಲ ಎನ್‌ಐಸಿಯವರು ತಮ್ಮ ಕಚೇರಿಯಲ್ಲೇ ಇದ್ದಾರೆ.

ಇನ್ನೊಂದು ಮಾತು. ಈ ಸಹಿ ಇರುವುದು ಫೈಲಿನಲ್ಲಿ, ಕಾಗದದ ಮೇಲಲ್ಲ. ಪ್ರಿಂಟ್ ಹಾಕಿದ ಕ್ಷಣ ಆ ಮೊಹರು ಸತ್ತಂತೆ. ನನ್ನ ಪ್ರಿಂಟರಿನಿಂದ ಹೊರಗೆ ಬಂದ ಹಾಳೆಯನ್ನು ನೋಡಿ ಯಾರೂ ಆ ಸಹಿಯನ್ನು ಪರಿಶೀಲಿಸಲಾರರು. ಪರಿಶೀಲಿಸಬಹುದಾದ ಫೈಲು ನನ್ನ ಮಗಳ ಕೈಯಲ್ಲಿತ್ತು. ಅದನ್ನು ಬೇಡ ಎಂದು, ಪರಿಶೀಲಿಸಲಾಗದ ಹಾಳೆಯನ್ನು ಕೇಳಿದರು, ಆ ಹಾಳೆಯನ್ನು ತಂದುಕೊಟ್ಟರೆ ನಕಲಿ ಎಂದರು. ಇದಕ್ಕೆ ಏನೆನ್ನಬೇಕೋ ತಾವೇ ಹೇಳಿ.

ಅಷ್ಟಕ್ಕೇ ಮುಗಿಯಲಿಲ್ಲ. "ಹಾಗಾದ್ರೆ ಗೆಜೆಟೆಡ್ ಆಫೀಸರ್ ಹತ್ರ ಅಟೆಸ್ಟ್ ಮಾಡಿಸ್ಕೊಂಡು ಬನ್ನಿ" ಎಂದರು. ಊರಿನ ಕಡೆಯ ಒಬ್ಬ ಅಧಿಕಾರಿಯ ಬಳಿ ಹೋದೆವು. ಒಳ್ಳೆಯ ಮನುಷ್ಯರು, ಕೂರಿಸಿ ಮಾತಾಡಿಸಿದರು. "ಒರಿಜಿನಲ್ ನೋಡದೆ ನಾನು ಹೇಗೆ ಸಹಿ ಹಾಕಲಿ ಹೇಳಿ?" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಒರಿಜಿನಲ್ ಮೊಬೈಲ್‌ನಲ್ಲಿದೆ ಎಂದೆ. ಅವರೂ ಅದನ್ನು ಒಪ್ಪಲಿಲ್ಲ. ಮೂರನೆಯ ಸಲ ಬರಿಗೈಯಲ್ಲಿ ಹೋಗುವಷ್ಟರಲ್ಲಿ ಪಟ್ಟಿಯಲ್ಲಿ ಅವಳ ಕೆಳಗಿದ್ದ ಹುಡುಗಿಯನ್ನು ಕರೆದಾಗಿತ್ತು. ಆ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ. ಅವಳ ಮನೆಯ ಹೆಂಚು ಸರಿದಿರಲಿಲ್ಲ, ಅಷ್ಟೇ.

ಮೊಬೈಲ್‌ನಲ್ಲಿ ತೋರಿಸಿದ್ದೆಲ್ಲವನ್ನೂ ಒಪ್ಪಿ ಎಂದು ನಾನು ಕೇಳುತ್ತಿಲ್ಲ. ಅದೇ ಆ್ಯಪಿನಲ್ಲಿ ನಾವೇ ಸ್ಕ್ಯಾನ್ ಮಾಡಿ ಹಾಕಿಕೊಳ್ಳುವ ಜಾಗವೂ ಇದೆ. ಅಲ್ಲಿರುವುದು ನಮ್ಮ ಜೆರಾಕ್ಸಿಗಿಂತ ಹೆಚ್ಚಿನದಲ್ಲ, ಅದನ್ನು ಒರಿಜಿನಲ್ ಎಂದು ಒಪ್ಪಬೇಡಿ. ರೈಲ್ವೆಯವರು ಕೂಡ ಅದನ್ನು ಒಪ್ಪುವುದಿಲ್ಲ. ಸ್ಕ್ರೀನ್‌ಶಾಟ್ ತೋರಿಸಿದರೂ ಒಪ್ಪಬೇಡಿ. ಆ್ಯಪನ್ನು ಎದುರಿಗೇ ತೆರೆಸಿ, ಆರು ಅಂಕಿಯ ಪಿನ್ ಅವರೇ ಹಾಕಲಿ, Issued Documents ಒಳಗಿಂದ ದಾಖಲೆ ತೆರೆಯಲಿ. ಕ್ಯೂಆರ್ ಕೋಡ್ ಇದ್ದರೆ ನೌಕರರು ತಮ್ಮ ಮೊಬೈಲಿನ ಡಿಜಿಲಾಕರ್‌ನಿಂದ ಸ್ಕ್ಯಾನ್ ಮಾಡಿ ನೋಡಲಿ. ಇಲ್ಲದಿದ್ದರೆ ಫೈಲನ್ನು ಕಚೇರಿಯ ಇಮೇಲಿಗೆ ತರಿಸಿಕೊಂಡು ಸಹಿ ನೋಡಲಿ. ಕಾಗದದ ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುವುದಕ್ಕಿಂತ ಇದು ಗಟ್ಟಿಯಾದ ಪರೀಕ್ಷೆ.

ಎಲ್ಲರಿಗೂ ಎಲ್ಲ ದಾಖಲೆಯೂ ಅಲ್ಲಿ ಸಿಗುವುದಿಲ್ಲ ಎಂಬುದನ್ನೂ ಬಲ್ಲೆ. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಇದ್ದು ಹೆಸರು ಹೊಂದದೆ ದಾಖಲೆ ಬಾರದವರು ನನ್ನ ಅಂಗಡಿಗೆ ಬರುತ್ತಾರೆ. ಆಧಾರ್‌ಗೆ ಜೋಡಿಸಿದ ಸಿಮ್ ಕಳೆದುಕೊಂಡು ಒಟಿಪಿ ಸಿಗದವರೂ ಬರುತ್ತಾರೆ. ಅವರು ಕಾಗದ ತರಲಿ, ಕಾಗದವನ್ನೂ ತೆಗೆದುಕೊಳ್ಳಿ. ಸಿಕ್ಕವರದ್ದನ್ನಾದರೂ ಒಪ್ಪಿ ಎಂಬುದಷ್ಟೇ ನನ್ನ ಮಾತು.

ಈ ಬಗ್ಗೆ ಹಿಂದೆಯೂ ತಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಅರ್ಜಿ ಕೊಟ್ಟೆ. ಸ್ವೀಕೃತಿಯ ಸೀಲು ಬಿದ್ದಿದೆ, ಉತ್ತರ ಬಂದಿಲ್ಲ. ಅದಕ್ಕೇ ಎಲ್ಲರೂ ಓದುವಂತೆ ಬರೆಯಬೇಕಾಯಿತು. ಕೇಳುವುದು ಅದನ್ನೇ: ಒಂದು ಪುಟದ ಸುತ್ತೋಲೆ. Issued ದಾಖಲೆ ಒರಿಜಿನಲ್‌ಗೆ ಸಮ. ಪ್ರಿಂಟಿಗೆ ಅಟೆಸ್ಟೇಶನ್ ಬೇಡ. ಪ್ರಶ್ನಾರ್ಥಕ ಚಿಹ್ನೆ ನೋಡಿ ಯಾರನ್ನೂ ಕಳ್ಳರೆನ್ನಬೇಡಿ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಸಹಿ ಹಾಕಿ ಬರೆದುಕೊಡಿ. ಬಾಯಿಮಾತಿನಲ್ಲಿ ವಾಪಸ್ ಕಳಿಸಿದ್ದಕ್ಕೆ ನಮ್ಮ ಹತ್ತಿರ ಯಾವ ಪುರಾವೆಯೂ ಇಲ್ಲ, ಮೇಲ್ಮನವಿಗೆ ಹೋದರೆ ಮೊದಲು ಕೇಳುವುದು ಅದನ್ನೇ.

ಸುತ್ತೋಲೆಯ ಪ್ರತಿ ಬಂದ ದಿನ ನನ್ನ ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ. ಡಿಜಿಲಾಕರ್ ಪ್ರಿಂಟ್ ಕೇಳಿಕೊಂಡು ಬಂದವರಿಗೆ ಅದನ್ನೇ ತೋರಿಸಿ, ಮೊಬೈಲ್ ಹಿಡಿದುಕೊಂಡು ನೇರ ಕಚೇರಿಗೆ ಹೋಗಿ ಎನ್ನುತ್ತೇನೆ. ಮಗಳಿಗೆ ಮುಂದಿನ ತಿಂಗಳು ಇನ್ನೊಂದು ಕಡೆ ದಾಖಲಾತಿ ಪರಿಶೀಲನೆ ಇದೆ. ಅಷ್ಟರೊಳಗೆ ಆಗಲಿ, ಸಾಹೇಬರೇ.

ಇಂತಿ ತಮ್ಮ ವಿಶ್ವಾಸಿ,
ಹೋಬಳಿ ಊರಿನ ಒಬ್ಬ ಜೆರಾಕ್ಸ್ ಅಂಗಡಿಯವನು