ಲಸಿಕೆ ಕಡ್ಡಾಯ ಮಾಡುವ ಮೊದಲು ಒಂದು ಗುರುವಾರ ಬನ್ನಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಳೆದ ತಿಂಗಳ ತಾಲ್ಲೂಕು ಸಭೆಯಲ್ಲಿ ತಾವು ದಡಾರದ ಲಸಿಕೆಯ ವಿಚಾರವಾಗಿ ಸಿಟ್ಟಾಗಿ ಮಾತನಾಡಿದಿರಂತೆ. ಮಕ್ಕಳಿಗೆ ಲಸಿಕೆ ಹಾಕಿಸದ ಮನೆಗೆ ರೇಷನ್ ನಿಲ್ಲಿಸಬೇಕು, ಅಂಥ ಮಗುವನ್ನು ಅಂಗನವಾಡಿಗೆ ಸೇರಿಸಿಕೊಳ್ಳಬಾರದು, ಇದಕ್ಕೊಂದು ಕಾನೂನು ತರುವಂತೆ ಸದನದಲ್ಲಿ ಕೇಳುತ್ತೇನೆ ಎಂದಿರಂತೆ. ತಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು 31 ವರ್ಷ ಈ ತಾಲ್ಲೂಕಿನಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಿದವಳು. ಸರ್ಕಾರದ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರಿನವರ ಬಾಯಲ್ಲಿ ನರ್ಸಮ್ಮ. ಕಡ್ಡಾಯ ಎಂಬ ಮಾತಿಗೆ ನಾನು ವಿರೋಧಿಯಲ್ಲ. ಆದರೆ ತಾವು ಕೇಳುತ್ತಿರುವ ಕಡ್ಡಾಯ ತಪ್ಪು ಬಾಗಿಲನ್ನು ತಟ್ಟುತ್ತದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ತಮ್ಮ ಪರವಾಗಿಯೇ ಒಂದು ಮಾತು. ನನ್ನ ಕೊನೆಯ ವರ್ಷಗಳಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಿದ್ದವು. ಒಂದರಲ್ಲಿ ನಾಲ್ಕು ವರ್ಷದ ಹುಡುಗ, ಒಂದು ಡೋಸೂ ಆಗಿರಲಿಲ್ಲ. ಅವನ ತಂದೆ ಓದಿದವರು, ಸೌಮ್ಯ ಸ್ವಭಾವದವರು. ಹೋದಾಗಲೆಲ್ಲ ಕಾಫಿ ಕೊಟ್ಟು, "ಅಮ್ಮಾ, ನನ್ನ ಮಗನ ಮೈಗೆ ಏನು ಹೋಗಬೇಕೆಂದು ತೀರ್ಮಾನಿಸುವವನು ನಾನು" ಎಂದು ಕಳಿಸುತ್ತಿದ್ದರು. ಇನ್ನೊಂದು ಮನೆಯಲ್ಲಿ ಆರು ವರ್ಷದ ಹುಡುಗ, ರಕ್ತದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ದಡಾರದ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಾಣು. ಆ ಚಿಕಿತ್ಸೆಯಲ್ಲಿರುವ ಮಗುವಿಗೆ ಅದನ್ನು ಕೊಡುವಂತಿಲ್ಲ, ಹಿಂದೆ ಹಾಕಿಸಿದ್ದರ ರಕ್ಷಣೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಒಂದು ಸಂಜೆ ಅವನ ತಾಯಿ ನನ್ನನ್ನು ತಡೆದು, "ಪಕ್ಕದ ಮನೆಯ ಹುಡುಗನ ಜೊತೆ ಇವನನ್ನು ಆಡಲು ಬಿಡಬಹುದೇ?" ಎಂದು ಕೇಳಿದರು. ಬೇಡ ಎಂದೆ. ಆ ಹುಡುಗ ಎಂಟು ತಿಂಗಳು ಕಿಟಕಿಯ ಸರಳು ಹಿಡಿದು ಪಕ್ಕದ ಅಂಗಳದ ಆಟ ನೋಡಿದ. ದಡಾರ ಯಾರಿಗೂ ಬರಲಿಲ್ಲ, ನಿಜ. ಆದರೆ ಒಂದು ಮನೆಯ ಸ್ವಾತಂತ್ರ್ಯಕ್ಕೆ ಬಾಡಿಗೆ ಕಟ್ಟಿದ್ದು ಇನ್ನೊಂದು ಮನೆಯ ಮಗು.

"ನನ್ನ ಮಗನಿಗೆ ಮೈಮೇಲೆ ಗುಳ್ಳೆ ಎದ್ದರೆ ನಾನೇ ಹೊರಗೆ ಬಿಡುವುದಿಲ್ಲ" ಎಂದು ಆ ತಂದೆ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಹಳ್ಳಿಯಲ್ಲೂ ಅದೇ ರೂಢಿ. ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮಗುವನ್ನು ಒಳಗಿಡುತ್ತಾರೆ. ತೊಂದರೆ ಏನೆಂದರೆ ಗುಳ್ಳೆ ಕಾಣುವ ನಾಲ್ಕು ದಿನ ಮೊದಲೇ ಮಗು ಸೋಂಕು ಹರಡುತ್ತಿರುತ್ತದೆ. ಆಗ ಕಾಣುವುದು ಬರೀ ನೆಗಡಿ, ಕೆಮ್ಮು, ಕೆಂಪು ಕಣ್ಣು. ಆ ಮಗು ಕೋಣೆಯಿಂದ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ವೈರಾಣು ಗಾಳಿಯಲ್ಲಿರಬಲ್ಲದು. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬನಿಂದ 12ರಿಂದ 18 ಜನರಿಗೆ ಅಂಟುತ್ತದೆ. ಹಾಗಾಗಿ ಇಲ್ಲಿ ಒಳ್ಳೆಯತನ ಸಾಲುವುದಿಲ್ಲ. ಬೇವಿನ ಸೊಪ್ಪು ಕಟ್ಟುವ ಹೊತ್ತಿಗೆ ಪಕ್ಕದ ಮನೆಗೆ ಆಗಬೇಕಾದ್ದು ಆಗಿಹೋಗಿರುತ್ತದೆ.

ಇನ್ನೊಂದು ವಿಷಯವನ್ನು ಆ ತಂದೆಗೆ ನಾನು ಹೇಳಲಾಗಲಿಲ್ಲ, ತಮಗೆ ಹೇಳುತ್ತೇನೆ. ಅವರು ಕೇಳುತ್ತಿದ್ದುದು ತಮ್ಮ ದೇಹದ ಮೇಲಿನ ಹಕ್ಕನ್ನಲ್ಲ, ಮಗನ ದೇಹದ ಮೇಲಿನ ಹಕ್ಕನ್ನು. ವಯಸ್ಕನೊಬ್ಬ ತನಗೆ ಬೇಡವೆನ್ನುವುದಕ್ಕೂ ತಂದೆಯೊಬ್ಬ ಮಗುವಿಗೆ ಬೇಡವೆನ್ನುವುದಕ್ಕೂ ತೂಕ ಒಂದೇ ಅಲ್ಲ.

ಹಾಗಿದ್ದರೆ ಕಾನೂನು ತಂದುಬಿಡಿ ಎನ್ನಬೇಕಲ್ಲ? ಅಲ್ಲಿಗೇ ಬರುತ್ತೇನೆ.

2022ರ ಮೇ 2ರಂದು ಸುಪ್ರೀಂ ಕೋರ್ಟ್ ಕೋವಿಡ್ ಲಸಿಕೆಯ ಕುರಿತಾದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಯಾರಿಗೂ ಬಲವಂತವಾಗಿ ಲಸಿಕೆ ಚುಚ್ಚುವಂತಿಲ್ಲ, ಅದು ಸಂವಿಧಾನದ 21ನೇ ವಿಧಿ ಕೊಟ್ಟ ರಕ್ಷಣೆ ಎಂದಿತು. ಈ ಸಾಲನ್ನು ಲಸಿಕೆ ಬೇಡವೆನ್ನುವವರು ನನಗೆ ಎಷ್ಟು ಸಲ ಮೊಬೈಲಿನಲ್ಲಿ ತೋರಿಸಿದ್ದಾರೋ ಲೆಕ್ಕವಿಲ್ಲ. ಅವರು ತೋರಿಸದೇ ಬಿಟ್ಟ ಭಾಗ ಮುಂದಿದೆ. ಇತರರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು, ಆದರೆ ಅದಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ನಿರ್ಬಂಧ ಅಪಾಯಕ್ಕೆ ತಕ್ಕಷ್ಟೇ ಇರಬೇಕು ಎಂದೂ ಕೋರ್ಟ್ ಹೇಳಿದೆ. ಲಸಿಕೆ ಹಾಕಿಸದವರಿಂದಲೇ ಕೋವಿಡ್ ಹೆಚ್ಚು ಹರಡುತ್ತದೆ ಎಂಬುದಕ್ಕೆ ತನ್ನ ಮುಂದೆ ಮಾಹಿತಿ ಇಡಲಿಲ್ಲ, ಆದ್ದರಿಂದ ಆಗಿನ ನಿರ್ಬಂಧಗಳು ಅಪಾಯಕ್ಕೆ ಮೀರಿದವು ಎಂದಿತು. ಈ ಅಳತೆಗೋಲು ನನಗೆ ಒಪ್ಪಿಗೆ. ಇದೇ ಕೋಲಿನಿಂದ ದಡಾರವನ್ನು ಅಳೆದರೆ ಉತ್ತರ ಬೇರೆ ಬರುತ್ತದೆ, ಏಕೆಂದರೆ ದಡಾರದ ಎರಡು ಡೋಸ್ ಪಡೆದವರಿಂದ ರೋಗ ಹರಡುವುದು ತೀರಾ ವಿರಳ. ಆದರೆ ತಮ್ಮ ರೇಷನ್ ಕಲಮು ಇದೇ ಕೋಲಿಗೆ ಸಿಕ್ಕಿದರೆ ಮುರಿಯುತ್ತದೆ. ರೇಷನ್ ಅಂಗಡಿಯ ಅಕ್ಕಿಗೂ ಸೋಂಕಿಗೂ ಏನು ಸಂಬಂಧ?

2021ರ ಸೆಪ್ಟೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಕೋವಿಡ್ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂಬ ಘೋಷಣೆ ಹೊರಟಿದ್ದು ತಮಗೂ ನೆನಪಿರಬಹುದು. ರೇಷನ್ ನಿಂತರೆ ಕಾಫಿ ಕೊಟ್ಟು ಕಳಿಸಿದ ಆ ತಂದೆಗೆ ಏನೂ ಆಗುವುದಿಲ್ಲ, ಅವರ ಮನೆಗೆ ಆ ಅಕ್ಕಿ ಬರುವುದೇ ಇಲ್ಲ. ಇಂಗ್ಲೆಂಡಿನಲ್ಲಿ 1853ರಲ್ಲಿ ಸಿಡುಬಿನ ಲಸಿಕೆಯನ್ನು ದಂಡದ ಸಮೇತ ಕಡ್ಡಾಯ ಮಾಡಿದಾಗ ಆದದ್ದೂ ಇದೇ. ದಂಡ ಕಟ್ಟಬಲ್ಲವರು ಕಟ್ಟಿ ಸುಮ್ಮನಾದರು, ಕೂಲಿಯವರ ಮನೆಯ ಸಾಮಾನು ಜಪ್ತಿಯಾಯಿತು. ವಿರೋಧ ಬೆಳೆದು, 1885ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಭಾರೀ ಮೆರವಣಿಗೆ ನಡೆದು, ಕೊನೆಗೆ 1898ರಲ್ಲಿ ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಡಬೇಕಾಯಿತು.

ಈಗ ನಮ್ಮಲ್ಲಿ ಲಸಿಕೆ ಹಾಕುವ ದಿನವಾದ ಗುರುವಾರದ ವಿಚಾರ. ಲಸಿಕೆ ತಪ್ಪಿದ ಮಕ್ಕಳೆಲ್ಲ ಬೇಡವೆಂದವರ ಮಕ್ಕಳು ಎಂದು ತಾವು ತಿಳಿದಂತಿದೆ. ನನ್ನ ದಾಖಲೆ ಪುಸ್ತಕದಲ್ಲಿ ಅಂಥವರು ಬೆರಳೆಣಿಕೆಯಷ್ಟು. ಉಳಿದವರು ಕಬ್ಬು ಕಡಿಯಲು ಬಂದವರು, ಇಟ್ಟಿಗೆ ಗೂಡಿನವರು, ಹೆರಿಗೆಗೆ ತವರಿಗೆ ಹೋಗಿ ತಾಯಿ ಕಾರ್ಡನ್ನು ಅಲ್ಲೇ ಬಿಟ್ಟು ಬಂದವರು. ಅವರಲ್ಲಿ ಕೆಲವರನ್ನು ವಾಪಸ್ ಕಳಿಸಿದ್ದು ನಾನೇ.

ಲಸಿಕೆ ಪುಡಿಯ ರೂಪದಲ್ಲಿ ಪುಟ್ಟ ಸೀಸೆಯಲ್ಲಿ ಬರುತ್ತದೆ. ಜೊತೆಗೆ ಕೊಟ್ಟ ದ್ರಾವಣವನ್ನು ಬೆರೆಸಿದ ಕ್ಷಣದಿಂದ ಅದರ ಆಯಸ್ಸು ನಾಲ್ಕು ಗಂಟೆ. ಬೆರೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯಬೇಕು, ನಾಲ್ಕು ಗಂಟೆಯ ನಂತರ ಎಸೆಯಬೇಕು. ಪೋಲಿಯೊ ಹನಿಯ ಹಾಗೆ ಉಳಿದದ್ದನ್ನು ಮುಂದಿನ ವಾರಕ್ಕೆ ಇಡುವಂತಿಲ್ಲ. ಒಂದು ಸೀಸೆಯಲ್ಲಿ ಐದು ಅಥವಾ ಹತ್ತು ಮಕ್ಕಳಿಗಾಗುವಷ್ಟು ಇರುತ್ತದೆ. ಒಂದೇ ಮಗು ಬಂದರೂ ಸೀಸೆ ಒಡೆಯಿರಿ ಎಂಬುದು ನಿಯಮ. ಆದರೆ ತಿಂಗಳ ಸಭೆಯಲ್ಲಿ ಎಷ್ಟು ವ್ಯರ್ಥವಾಯಿತು ಎಂದು ಕೇಳಿ ಎಲ್ಲರೆದುರು ನಿಲ್ಲಿಸುವುದು ರೂಢಿ. ಒಂದು ಗುರುವಾರ ಮೂರೂವರೆಗೆ ಕಬ್ಬಿನ ಗದ್ದೆಯ ಗುಡಿಸಲಿನಿಂದ ಅಜ್ಜಿಯೊಬ್ಬರು ಹತ್ತು ತಿಂಗಳ ಮಗುವನ್ನು ಎತ್ತಿಕೊಂಡು ಬಂದರು. ಬೆಳಿಗ್ಗೆ ಹತ್ತೂಕಾಲಿಗೆ ಒಡೆದ ಸೀಸೆಯ ಗಡುವು ಮುಗಿದಿತ್ತು. ಹೊಸ ಸೀಸೆ ಐಸ್ ಪೆಟ್ಟಿಗೆಯಲ್ಲೇ ಇತ್ತು. ಒಂದು ಮಗುವಿಗೆ ಯಾಕೆ ಒಡೆಯಲಿ ಎಂದುಕೊಂಡು "ಮುಂದಿನ ಗುರುವಾರ ಬನ್ನಿ ಅಜ್ಜಿ" ಎಂದೆ. ಮುಂದಿನ ಗುರುವಾರ ಆ ಗುಡಿಸಲುಗಳೇ ಇರಲಿಲ್ಲ. ತಮ್ಮ ಕಾನೂನು ಜಾರಿಯಲ್ಲಿದ್ದಿದ್ದರೆ ಶಿಕ್ಷೆ ಆ ಅಜ್ಜಿಗೆ ಆಗುತ್ತಿತ್ತು, ನನಗಲ್ಲ.

ಲೆಕ್ಕವನ್ನೂ ನೋಡಿ. ನೂರು ಮಕ್ಕಳಿರುವ ಊರಿನಲ್ಲಿ 90 ಮಕ್ಕಳಿಗೆ ಒಂಬತ್ತನೇ ತಿಂಗಳಲ್ಲಿ ಒಂದು ಡೋಸ್ ಆಗಿದೆ ಎನ್ನಿ. ಆ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು 85ರಷ್ಟು ಮಕ್ಕಳಿಗೆ ಮಾತ್ರ ಅದು ಹಿಡಿಯುತ್ತದೆ. ಅಂದರೆ ನಿಜವಾದ ರಕ್ಷಣೆ ಇರುವುದು 76 ಮಕ್ಕಳಿಗೆ. ಬಾಕಿ 24ರಲ್ಲಿ ಲಸಿಕೆ ಪಡೆಯದವರು ಹತ್ತು, ಪಡೆದೂ ಹಿಡಿಯದವರು ಹದಿನಾಲ್ಕು. ಈ ಹದಿನಾಲ್ಕರಲ್ಲಿ ಹೆಚ್ಚಿನವರನ್ನು ಕಾಯುವುದು 16ರಿಂದ 24 ತಿಂಗಳೊಳಗಿನ ಎರಡನೇ ಡೋಸ್. ರೋಗ ಹರಡದಿರಬೇಕಾದರೆ ನೂರರಲ್ಲಿ ಸುಮಾರು 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಎರಡನೆಯದು ತಪ್ಪುವುದು ಹಟದಿಂದಲ್ಲ. ಮಗು ನಡೆಯಲು ಕಲಿತ ಮೇಲೆ ತಾಯಿ ಕೂಲಿಗೆ ಮರಳುತ್ತಾಳೆ, ಗುರುವಾರ ಬಿಡುವು ಸಿಗುವುದಿಲ್ಲ, ಅಷ್ಟೇ.

ಹಾಗಾಗಿ ಸದನದಲ್ಲಿ ತಾವು ಕೇಳಲೇಬೇಕೆಂದಿದ್ದರೆ ಕಡ್ಡಾಯವನ್ನು ಮೊದಲು ಇಲಾಖೆಯ ಮೇಲೆ ಹೇರಿ. ಬಂದ ಮಗುವನ್ನು ಲಸಿಕೆ ಇಲ್ಲದೆ ವಾಪಸ್ ಕಳಿಸಬಾರದು, ವ್ಯರ್ಥವಾದ ಸೀಸೆಗಾಗಿ ಯಾವ ಸಿಬ್ಬಂದಿಯನ್ನೂ ಬೈಯಬಾರದು, ಕಬ್ಬಿನ ಹಂಗಾಮಿನಲ್ಲಿ ಸಂಜೆ ಗುಡಿಸಲಿನ ಬಳಿಗೇ ಹೋಗಬೇಕು. ಅಂಗನವಾಡಿಗೂ ಒಂದನೇ ತರಗತಿಗೂ ಸೇರುವಾಗ ಲಸಿಕೆಯ ಕಾರ್ಡ್ ನೋಡುವುದು ಕಡ್ಡಾಯವಾಗಲಿ. ಆದರೆ ಕಾರ್ಡ್ ಇಲ್ಲದ ಮಗುವನ್ನು ಒಳಗೆ ಸೇರಿಸಿಕೊಂಡೇ, ಒಂದು ತಿಂಗಳೊಳಗೆ ಅಲ್ಲೇ ಲಸಿಕೆ ಹಾಕಿಸಲಿ. ಮೊಟ್ಟೆಯನ್ನೂ ಬಿಸಿಯೂಟವನ್ನೂ ತಪ್ಪಿಸಿ ಮಗುವನ್ನು ರಕ್ಷಿಸುತ್ತೇವೆ ಎನ್ನುವುದು ನನಗೆ ಅರ್ಥವಾಗದ ತರ್ಕ.

ಬೇಡ ಎಂದೇ ಹೇಳುವವರನ್ನೂ ಬಿಟ್ಟುಬಿಡಿ ಎನ್ನುತ್ತಿಲ್ಲ. 2019ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ಶಾಲೆಗಳ ದಡಾರ–ರುಬೆಲ್ಲಾ ಅಭಿಯಾನಕ್ಕೆ ಪೋಷಕರ ಒಪ್ಪಿಗೆ ಬೇಕು ಎಂದಿತ್ತು. ಒಪ್ಪಿಗೆ ಕೇಳೋಣ. ಆದರೆ ನಿರಾಕರಣೆಯೂ ಒಂದು ಕೆಲಸವಾಗಿರಲಿ: ತಂದೆ ಅಥವಾ ತಾಯಿ ಪ್ರತಿ ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, ವೈದ್ಯರೊಂದಿಗೆ ಕುಳಿತು ಮಾತನಾಡಿ, ಸಹಿ ಹಾಕಲಿ. ಊರಿನಲ್ಲಿ ದಡಾರ ಕಂಡರೆ ಆ ಮಗು ಕೊನೆಯ ಪ್ರಕರಣದ ನಂತರ 21 ದಿನ ಮನೆಯಲ್ಲಿರಲಿ. ಆಗ ಕಿಟಕಿಯ ಸರಳು ಹಿಡಿಯುವ ಸರದಿ ಬದಲಾಗುತ್ತದೆ. ನವಜಾತ ಶಿಶುಗಳ ವಾರ್ಡಿನಲ್ಲಿ, ಕ್ಯಾನ್ಸರ್ ವಾರ್ಡಿನಲ್ಲಿ, ಅಂಗನವಾಡಿಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ವಿನಾಯಿತಿ ಬೇಡ. ಆ ಕೆಲಸವನ್ನು ನಾವು ಆರಿಸಿಕೊಂಡಿದ್ದೇವೆ, ಆ ಮಕ್ಕಳು ನಮ್ಮನ್ನು ಆರಿಸಿಕೊಂಡಿಲ್ಲ.

ಹೀಗೆ ಕೇಳುವ ಸರ್ಕಾರ ತನ್ನ ಪಾಲಿನ ಹೊಣೆಯನ್ನೂ ಬರೆದುಕೊಡಬೇಕು. ದಡಾರದ ಲಸಿಕೆ ಹಾಕಿದ ವಾರದ ನಂತರ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ. ತೀರಾ ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗಬಹುದು, ನಾನು ಅದನ್ನು ಎಂದೂ ಮುಚ್ಚಿಟ್ಟಿಲ್ಲ. ಅಂಥ ಮನೆಯವರು ಯಾರ ತಪ್ಪೆಂದು ಸಾಬೀತು ಮಾಡುತ್ತಾ ಕೋರ್ಟು ಅಲೆಯದೆ ಪರಿಹಾರ ಪಡೆಯುವ ಕಲಮು ಅದೇ ಕಾನೂನಿನಲ್ಲಿರಲಿ. ಬ್ರಿಟನ್ 1979ರಲ್ಲಿಯೇ ಅಂಥ ಕಾನೂನು ಮಾಡಿದೆ, ಅದೂ ಲಸಿಕೆ ಅಲ್ಲಿ ಕಡ್ಡಾಯವಿಲ್ಲದಿದ್ದಾಗ.

ತಮ್ಮ ಮುಂದಿನ ಭಾಷಣಕ್ಕೆ ಮೊದಲು ಒಂದು ಗುರುವಾರ ಮಧ್ಯಾಹ್ನ ಮೂರರ ಮೇಲೆ, ಮುಂಚಿತವಾಗಿ ತಿಳಿಸದೆ, ನಮ್ಮ ಅಂಗನವಾಡಿಗೆ ಬನ್ನಿ. ಸೀಸೆಯ ಮೇಲೆ ಪೆನ್ನಿನಲ್ಲಿ ಬರೆದ ಹೊತ್ತನ್ನು ನೋಡಿ. ಆಮೇಲೆ ಬರುವ ಮೊದಲ ತಾಯಿಗೆ ನಮ್ಮವರು ಏನು ಹೇಳುತ್ತಾರೆ ಎಂದು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳಿ.

ಇತಿ,
ತಮ್ಮ ಕ್ಷೇತ್ರದ ಮತದಾರಳು,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ